ಹಸಿರು ದೀಪ ಉರಿಯುತ್ತಿತ್ತು, ಮೀಟರು 62 ತೋರಿಸುತ್ತಿತ್ತು

ಬದಿಯಡ್ಕ ಕಡೆಯ ಒಂದು ಮನೆಯ ಮಲಗುವ ಕೋಣೆ. ಆಟಿ ತಿಂಗಳ ಮಳೆ, ಕಿಟಕಿ ಎಲ್ಲ ಬಂದ್. ರಾತ್ರಿ ಹನ್ನೊಂದಕ್ಕೆ ಏರ್ ಪ್ಯೂರಿಫೈಯರ್‌ನಲ್ಲಿ ಹಸಿರು ದೀಪ, ಗಾಳಿಯಲ್ಲಿನ ಸಣ್ಣ ಕಣದ ಲೆಕ್ಕವಾದ ಪಿಎಂ 2.5 ಅಂಕೆ 20ರ ಆಸುಪಾಸು. ಪಕ್ಕದಲ್ಲೇ ಇಟ್ಟ ಕಾರ್ಬನ್ ಮೊನಾಕ್ಸೈಡ್ ಮೀಟರಿನಲ್ಲಿ 62 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಪಾಲಿನಲ್ಲಿ 62 ಪಾಲು. ಮನೆಯವರ ದೂರು ಇಷ್ಟೇ: ಅಜ್ಜಿಯ ಕೆಮ್ಮು ಕಡಿಮೆಯಾಗಿದೆ, ಆದರೆ ಬೆಳಿಗ್ಗೆ ಎದ್ದಾಗ ಎಲ್ಲರಿಗೂ ತಲೆನೋವು. ಪ್ಯೂರಿಫೈಯರ್ ಸರಿಯಿಲ್ಲ, ಇನ್ನೂ ದೊಡ್ಡದು ಬೇಕು ಎಂಬುದು ಅವರ ಲೆಕ್ಕ. ವಯರಿಂಗ್ ಮಾಡುವವನದು ಇನ್ನೊಂದು: "ಹೊಗೆಯೇ ಇಲ್ಲ ಮಾರಾಯ್ರೆ, ಮತ್ತೆಂಥ ಗ್ಯಾಸು? ನಿಮ್ಮ ಮೀಟರೇ ಹಾಳಾಗಿರಬೇಕು."

ಮೀಟರು ಹಾಳಾಗಿರಲಿಲ್ಲ. ಗೋಡೆಯ ಆಚೆ ಬಚ್ಚಲು, ಅಲ್ಲಿ ಹಂಡೆ ಒಲೆ. ಸಂಜೆ ಆರಕ್ಕೆ ಮಡಲು, ಸಿಪ್ಪೆ, ಗೆರಟೆ ಹಾಕಿ ಉರಿ ಮಾಡುತ್ತಾರೆ. ಆಗ ಹೊಗೆ ಜೋರು: ಕೋಣೆಯಲ್ಲಿ ಪಿಎಂ 600 ದಾಟಿತ್ತು, ಮೊನಾಕ್ಸೈಡ್ ಮಾತ್ರ 18. ಒಂಬತ್ತರ ಮೇಲೆ ಗೆರಟೆಯೆಲ್ಲ ಕೆಂಡವಾಗುತ್ತದೆ, ಹೊಗೆ ನಿಲ್ಲುತ್ತದೆ, ನೀರು ಬೆಳಿಗ್ಗೆವರೆಗೆ ಬಿಸಿ ಇರಲಿ ಎಂದು ಒಲೆಯ ಬಾಯಿಗೆ ತಗಡು ಮುಚ್ಚುತ್ತಾರೆ. ತಪ್ಪು ಇಲ್ಲೇ. ಗಾಳಿ ಸಾಲದೆ ಮಿನುಗುವ ಕೆಂಡ ಕಣ್ಣಿಗೆ ಕಾಣುವ ಹೊಗೆ ಕೊಡುವುದಿಲ್ಲ, ಮೊನಾಕ್ಸೈಡ್ ಮಾತ್ರ ಧಾರಾಳ ಕೊಡುತ್ತದೆ. ಹೊಗೆ ಇಳಿಯುವ ಹೊತ್ತಿಗೇ ವಿಷ ಏರುತ್ತದೆ. ಪ್ಯೂರಿಫೈಯರ್‌ನ ದೀಪ ನೋಡುವುದು ಕಣವನ್ನು ಮಾತ್ರ. ಒಳಗಿರುವುದು ಲೇಸರ್ ಬೆಳಕು ಚೆದುರುವುದನ್ನು ಅಳೆಯುವ ಸೆನ್ಸರ್, ಗ್ಯಾಸು ಅದಕ್ಕೆ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ.

ಇದನ್ನು ಬಾಯಲ್ಲಿ ಹೇಳಿದರೆ ಯಾರೂ ಒಪ್ಪಲಿಲ್ಲ. ಅಳೆದು ತೋರಿಸಬೇಕಾಯಿತು. ಆ ಅಳತೆಯ ಕ್ರಮವೇ ಇಲ್ಲಿ ಬರೆಯುವಂಥದ್ದು.

ಕೋಣೆ 12 ಅಡಿ, 11 ಅಡಿ, ಎತ್ತರ ಒಂಬತ್ತೂವರೆ. ಸುಮಾರು 35 ಘನ ಮೀಟರ್ ಗಾಳಿ. ಒಬ್ಬರೂ ಒಳಗಿಲ್ಲದಂತೆ ಮಾಡಿ, ಒಲೆಯ ಕೆಂಡದ ಗಾಳಿ ಕೋಣೆಗೆ ಬಂದು ಮೀಟರು 40 ತೋರಿಸುವವರೆಗೆ ಬಿಟ್ಟು, ಕೆಂಡವನ್ನೆಲ್ಲ ಅಂಗಳಕ್ಕೆ ಸಾಗಿಸಿ ಬಾಗಿಲು ಹಾಕಿದೆ. ಮೀಟರು ಓದಿದ್ದು ಹೊರಗಿನಿಂದ, ಕಿಟಕಿ ಗಾಜಿನ ಮೂಲಕ ಟಾರ್ಚ್ ಹಾಕಿ. ಒಳಗೆ ಕೂತು ಓದುವ ಕೆಲಸ ಇದಲ್ಲ. ಕಣದ ಪರೀಕ್ಷೆಗೆ ಬೇರೆಯಾಗಿ ಎರಡು ಅಗರಬತ್ತಿ ಹಚ್ಚಿ ನಂದಿಸಿದರೆ ಸಾಕು, ಪಿಎಂ 400ಕ್ಕೆ ಏರುತ್ತದೆ. ಆಮೇಲೆ ನೋಡಬೇಕಾದ್ದು ಒಂದೇ: ಅಂಕೆ ಅರ್ಧಕ್ಕೆ ಇಳಿಯಲು ಎಷ್ಟು ನಿಮಿಷ. 42ನ್ನು ಆ ನಿಮಿಷದಿಂದ ಭಾಗಿಸಿದರೆ ಗಂಟೆಗೆ ಕೋಣೆಯ ಗಾಳಿ ಎಷ್ಟು ಸಲ ಶುದ್ಧವಾದಂತೆ ಎಂದು ಸಿಗುತ್ತದೆ. ಲಾಗರಿತಮ್ ಲೆಕ್ಕವೆಲ್ಲ ಆ 42ರ ಒಳಗೇ ಇದೆ, ಕೋಷ್ಟಕ ಬೇಡ.

ಪ್ಯೂರಿಫೈಯರ್ ಆಫ್ ಇದ್ದಾಗ ಹೊಗೆಯ ಕಣ ಅರ್ಧವಾಗಲು 50 ನಿಮಿಷ ಹಿಡಿಯಿತು. 42 ಭಾಗ 50, ಅಂದರೆ 0.84. ಇದು ಸಂದಿಯಿಂದ ಹೊರಹೋದದ್ದು ಮತ್ತು ಗೋಡೆ, ನೆಲಕ್ಕೆ ಅಂಟಿದ್ದು ಸೇರಿ. ಪ್ಯೂರಿಫೈಯರ್ ಪೂರ್ತಿ ವೇಗದಲ್ಲಿಟ್ಟಾಗ ಏಳೂವರೆ ನಿಮಿಷ, ಅಂದರೆ 5.6. ಎರಡರ ವ್ಯತ್ಯಾಸ 4.76. ಅದನ್ನು 35ರಿಂದ ಗುಣಿಸಿದರೆ ಗಂಟೆಗೆ 167 ಘನ ಮೀಟರ್. ಡಬ್ಬದ ಮೇಲೆ ಬರೆದ ಸಿಎಡಿಆರ್, ಅಂದರೆ ಯಂತ್ರ ಗಂಟೆಗೆ ಕೊಡುವ ಶುದ್ಧ ಗಾಳಿ, 250 ಇತ್ತು.

ಈಗ ಮೊನಾಕ್ಸೈಡ್. ಪ್ಯೂರಿಫೈಯರ್ ಆಫ್: 40 ಇದ್ದದ್ದು 20ಕ್ಕೆ ಇಳಿಯಲು 80 ನಿಮಿಷ. ಪೂರ್ತಿ ವೇಗದಲ್ಲಿ ಆನ್: ಮತ್ತೆ 80 ನಿಮಿಷದ ಹತ್ತಿರ, ಒಂದೆರಡು ನಿಮಿಷ ಆಚೀಚೆ. ಮೀಟರನ್ನು ಯಂತ್ರದ ಹಿಂದೆ ಗಾಳಿ ಒಳಹೋಗುವಲ್ಲಿ ಇಟ್ಟರೂ, ಮೇಲೆ ಹೊರಬರುವಲ್ಲಿ ಇಟ್ಟರೂ ಅಂಕೆ ಅದೇ. ಇದನ್ನು ಕಂಡ ಮೇಲೆ ವಯರಿಂಗ್‌ನವನು ಸುಮ್ಮನಾದ. ಈ 80 ನಿಮಿಷದಿಂದ ಇನ್ನೊಂದು ಲಾಭವಿದೆ: ಯಂತ್ರ ಮುಟ್ಟದ, ಗೋಡೆಗೂ ಅಂಟದ ಗ್ಯಾಸು ಇದು. ಹಾಗಾಗಿ 42 ಭಾಗ 80, ಅರ್ಧಕ್ಕಿಂತ ತುಸು ಹೆಚ್ಚು, ಕೋಣೆಗೆ ಹೊರಗಿನ ಗಾಳಿ ಗಂಟೆಗೆ ಎಷ್ಟು ಬದಲಾಗುತ್ತಿದೆ ಎಂಬುದರ ನೇರ ಲೆಕ್ಕ. ಬೇರೆ ಉಪಕರಣವಿಲ್ಲದೆ ಕೋಣೆಯ ಸೋರಿಕೆ ಅಳೆದಂತಾಯಿತು.

ಪ್ಯೂರಿಫೈಯರ್‌ನ ಹೆಪಾ ಫಿಲ್ಟರ್ ಕಣ ಹಿಡಿದು ಗ್ಯಾಸನ್ನು ಏಕೆ ಬಿಡುತ್ತದೆ ಎಂದು ಮನೆಯವರು ಕೇಳಿದರು. ಜರಡಿ ಅಂದುಕೊಂಡರೆ ಅರ್ಥವಾಗುವುದಿಲ್ಲ. ಫಿಲ್ಟರಿನ ನೂಲುಗಳ ನಡುವಿನ ಸಂದಿ ಹೊಗೆಯ ಕಣಕ್ಕಿಂತ ದೊಡ್ಡದೇ ಇರುತ್ತದೆ. ದಪ್ಪ ಕಣ ಗಾಳಿಯ ತಿರುವಿನಲ್ಲಿ ತಿರುಗಲಾಗದೆ ನೂಲಿಗೆ ಬಡಿಯುತ್ತದೆ, ತೀರ ಸಣ್ಣದು ಅಡ್ಡಾದಿಡ್ಡಿ ಓಲಾಡುತ್ತ ಹೋಗಿ ತಾಗುತ್ತದೆ. ಎರಡಕ್ಕೂ ಸರಿಯಾಗಿ ಸಿಗದೆ ತಪ್ಪಿಸಿಕೊಳ್ಳುವುದು 0.3 ಮೈಕ್ರಾನ್ ಆಸುಪಾಸಿನದು, ಅದಕ್ಕೇ ರೇಟಿಂಗನ್ನು ಅಲ್ಲಿ ಕೊಡುವುದು: ಅಮೆರಿಕದ ಲೆಕ್ಕದಲ್ಲಿ 0.3 ಮೈಕ್ರಾನಿಗೆ ನೂರಕ್ಕೆ 99.97, ಯುರೋಪಿನ ಎಚ್13 ಅಂದರೆ ಅತಿ ಕಷ್ಟದ ಗಾತ್ರದಲ್ಲೂ 99.95. ತಾಗಿದ ಕಣ ಅಂಟಿಯೇ ಬಿಡುತ್ತದೆ, ಅದರ ಮೈ ಅಷ್ಟು ದೊಡ್ಡದು. ಮೊನಾಕ್ಸೈಡ್ ಅಣು ಆ ಕಣಕ್ಕಿಂತ ಸುಮಾರು 800 ಪಾಲು ಚಿಕ್ಕದು. ಅದೂ ನೂಲಿಗೆ ಸಾವಿರ ಸಲ ತಾಗುತ್ತದೆ, ಆದರೆ ಅಂಟದೆ ಚಿಮ್ಮಿ ಹೋಗುತ್ತದೆ, ಆಮ್ಲಜನಕ ಹೋಗುವ ಹಾಗೆಯೇ. ಅದನ್ನು ತಡೆಯುವ ನೂಲಿದ್ದರೆ ನಮಗೆ ಉಸಿರಾಡುವ ಗಾಳಿಯೂ ಬಾರದು.

ಕಾರ್ಬನ್ ಪದರ ಇದೆಯಲ್ಲ ಎಂಬುದು ಮುಂದಿನ ವಾದ. ನಾನೂ ಅರ್ಧ ಕಿಲೋ ಆ್ಯಕ್ಟಿವೇಟೆಡ್ ಕಾರ್ಬನ್ ತರಿಸಿ, ಸೊಳ್ಳೆ ಪರದೆಯಲ್ಲಿ ಹೊಲಿದು ಒಳಹರಿವಿಗೆ ಕಟ್ಟಿ ನೋಡಿದೆ. ಆರುನೂರು ರೂಪಾಯಿ ನೀರಿಗೆ ಹೋಯಿತು, ಮೀಟರು ಅಲುಗಾಡಲಿಲ್ಲ. ಕಾರ್ಬನ್ ಹಿಡಿಯುವುದು ಭಾರದ, ಬೇಗ ದ್ರವವಾಗುವ ಆವಿಗಳನ್ನು. ಮೊನಾಕ್ಸೈಡ್ ದ್ರವವಾಗುವುದು ಸೊನ್ನೆಗಿಂತ 191 ಡಿಗ್ರಿ ಕೆಳಗೆ, ಇದ್ದಿಲಿನ ಮೇಲೆ ಅದು ನಿಲ್ಲುವುದಿಲ್ಲ. ಕೆಟ್ಟದ್ದೆಂದರೆ ಹೊಗೆಯ ವಾಸನೆ ಮಾತ್ರ ಹೋಯಿತು, ಮೂಗಿಗೆ ಸಿಗುತ್ತಿದ್ದ ಕೊನೆಯ ಎಚ್ಚರಿಕೆಯೂ ಹೋದಂತೆ. ಗಣಿಯವರ ಮುಖವಾಡದಲ್ಲಿ ಹಾಪ್ಕಲೈಟ್ ಎಂಬ ಮ್ಯಾಂಗನೀಸ್, ತಾಮ್ರದ ಆಕ್ಸೈಡಿನ ಪುಡಿ ಇರುತ್ತದೆ, ಅದು ಈ ಗ್ಯಾಸನ್ನು ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ತೇವ ತಾಗಿದರೆ ಅದರ ಕಥೆ ಮುಗಿಯಿತು. ನಮ್ಮೂರ ಮಳೆಗಾಲದಲ್ಲಿ ಅದನ್ನು ಕೋಣೆಯಲ್ಲಿಟ್ಟು ಪ್ರಯೋಜನವಿಲ್ಲ.

250 ಬದಲು 167 ಏಕೆ ಬಂತು ಎಂಬುದನ್ನೂ ಬಿಡಲಿಲ್ಲ. ಫಿಲ್ಟರ್ ಕಳಚಿದಾಗ ಅದರ ಒಂದು ಅಂಚಿನ ಆಚೆ, ಶುದ್ಧ ಗಾಳಿಯ ಬದಿಯಲ್ಲಿ ಮಸಿಯ ಗೆರೆ. ಮೂಲ ಫಿಲ್ಟರ್ 2,400 ಎಂದು, 900ಕ್ಕೆ ಸಿಕ್ಕಿದ ಬದಲಿ ಹಾಕಿದ್ದರು, ಚೌಕಟ್ಟು ಒಂದೆರಡು ಮಿಲಿಮೀಟರ್ ಕಮ್ಮಿ. ಹಾಳೆ ಒಳ್ಳೆಯದೇ, ಗಾಳಿ ಪಕ್ಕದಿಂದ ನುಸುಳುತ್ತಿತ್ತು. ಬಾಗಿಲಿಗೆ ಅಂಟಿಸುವ ಫೋಮ್ ಟೇಪು ಸುತ್ತಿದ ಮೇಲೆ ಅರ್ಧವಾಗಲು ಆರು ನಿಮಿಷ. ಗೋಡೆಗೆ ಒತ್ತಿ ಇಟ್ಟದ್ದನ್ನು ಒಂದು ಅಡಿ ಮುಂದೆ ತಂದಾಗ ಐದೂವರೆ, ಅಂದರೆ 238. ಡಬ್ಬದ ಮಾತು ಸುಳ್ಳಲ್ಲ ಎಂದಾಯಿತು, ಆದರೆ ಆ ಅಂಕೆ ಪೂರ್ತಿ ವೇಗದ್ದು. ರಾತ್ರಿ ಸ್ಲೀಪ್ ಮೋಡಿನಲ್ಲಿ ಇಪ್ಪತ್ತು ನಿಮಿಷ ಹಿಡಿಯಿತು, ಬರೀ 44. ಒಲೆ ಉರಿಸುವಷ್ಟು ಹೊತ್ತು ಪೂರ್ತಿ ವೇಗ, ಆಮೇಲೆ ಸ್ಲೀಪ್ ಎಂದು ಹೇಳಿಕೊಟ್ಟೆ. ಹೊಗೆಯ ಕೆಲಸ ಅಷ್ಟಕ್ಕೆ ಮುಗಿಯಿತು, ದೊಡ್ಡ ಯಂತ್ರದ ಹದಿನೆಂಟು ಸಾವಿರ ಉಳಿಯಿತು.

ಗ್ಯಾಸಿಗೆ ಮದ್ದು ಒಲೆಯಲ್ಲೇ. ಹಳೆ ಹೊಗೆಕೊಳವೆ ಮೂರು ಇಂಚಿನದು, ಎರಡು ಕಡೆ ಬಗ್ಗಿ ಶೀಟಿನ ಮಾಡಿನ ಕೆಳಗೇ ಮುಗಿಯುತ್ತಿತ್ತು, ಪಡುಗಾಳಿ ಬೀಸಿದರೆ ಎಲ್ಲ ವಾಪಸು. ಐದು ಇಂಚಿನ ಜಿಐ ಪೈಪು ನೇರವಾಗಿ, ಮಾಡಿನ ನೆತ್ತಿಗಿಂತ ಮೂರು ಅಡಿ ಮೇಲಕ್ಕೆ ಏರಿಸಿದೆ. ಬಚ್ಚಲಿನಿಂದ ಕೋಣೆಗೆ ಇದ್ದ ಜಾಲರಿ ಕಿಂಡಿಗೆ ಸಿಮೆಂಟು. ಪೈಪು 4,200, ಟೊಪ್ಪಿ 700, ಮೇಸ್ತ್ರಿಗೆ 1,500, ಹೀಗೇ ಏನೋ.

ಮೊದಲ ರಾತ್ರಿ ಸೋತೆ. 30 ಪಿಪಿಎಂ, ಏರುತ್ತಲೇ ಇತ್ತು. ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಓಡುತ್ತಿತ್ತು. ಮುಚ್ಚಿದ ಮನೆಯಿಂದ ಅದು ಗಾಳಿ ಎಳೆದಾಗ, ಬದಲಿ ಗಾಳಿ ಬರಲು ಸುಲಭದ ದಾರಿ ನನ್ನ ಹೊಸ ಐದು ಇಂಚಿನ ಪೈಪೇ! ಒಲೆಯ ಬಾಯಿಗೆ ಅಗರಬತ್ತಿ ಹಿಡಿದರೆ ಹೊಗೆ ಒಳಗೆ ಹೋಗುವ ಬದಲು ಮುಖಕ್ಕೆ ಬಂತು. ಈ ಪರೀಕ್ಷೆ ಮೊದಲೇ ಮಾಡಬೇಕಿತ್ತು. ಬಚ್ಚಲಿನ ಹೊರಗೋಡೆಗೆ, ನೆಲದಿಂದ ಒಂದು ಅಡಿ ಮೇಲೆ, ಒಂಬತ್ತು ಇಂಚು ಚೌಕದ ಕಿಂಡಿ ಕೊರೆಸಿ ಹಾವು ಬಾರದಂತೆ ಬಲೆ ಹಾಕಿದೆ. ಹೊಗೆ ಪೈಪಿಗೆ ತಿರುಗಿತು. ಟೊಪ್ಪಿ ಮತ್ತು ಪೈಪಿನ ಬಾಯಿಯ ನಡುವೆ ಎಷ್ಟು ಬಿಡಬೇಕು ಎಂಬುದಕ್ಕೆ ಮೂರು ಸಲ ಮಾಡು ಹತ್ತಿದ್ದೇನೆ, ಆ ಅಳತೆ ಇಲ್ಲಿ ಹಾಕುವುದಿಲ್ಲ. ಕಮ್ಮಿಯಾದರೆ ಎಳೆತ ಸಾಯುತ್ತದೆ, ಹೆಚ್ಚಾದರೆ ಮಳೆನೀರು ಒಲೆಗೆ ಇಳಿಯುತ್ತದೆ ಎಂಬಷ್ಟು ಸಾಕು. ತಗಡು ಮುಚ್ಚುವ ಅಭ್ಯಾಸವನ್ನೂ ಬಿಡಿಸಿದೆ.

ಮೀಟರಿನ ಬಗ್ಗೆ ಎರಡು ಮಾತು. ಇನ್ವರ್ಟರ್ ಬ್ಯಾಟರಿ ಚಾರ್ಜ್ ಆಗುವ ಹತ್ತಿರ ಇಟ್ಟಾಗ ಬೆಂಕಿಯೇ ಇಲ್ಲದೆ 20 ತೋರಿಸಿತ್ತು. ಬ್ಯಾಟರಿಯಿಂದ ಬರುವ ಜಲಜನಕವನ್ನು ಈ ಸೆನ್ಸರ್ ಮೊನಾಕ್ಸೈಡ್ ಎಂದೇ ಎಣಿಸುತ್ತದೆ. ಹಾಗೆಯೇ ಕಿರುಚುವ ಅಲಾರಂ ಕೊಳ್ಳುವವರು ಯಾವ ಮಾನದಂಡದ್ದು ನೋಡಿ: ಯುರೋಪಿನ ಇಎನ್ 50291 ಪ್ರಕಾರದ್ದು 50 ಪಿಪಿಎಂನಲ್ಲಿ ಒಂದರಿಂದ ಒಂದೂವರೆ ಗಂಟೆಯೊಳಗೆ ಕೂಗಬೇಕು, ಅಮೆರಿಕದ ಯುಎಲ್ 2034 ಪ್ರಕಾರದ್ದು 70ರಿಂದ ಶುರು. ಈ ಕೋಣೆಯ 62ಕ್ಕೆ ಎರಡನೆಯದು ಕೂಗಲೇಬೇಕೆಂದಿಲ್ಲ. ಎಲ್‌ಪಿಜಿ ಅಲಾರಮ್ಮಿನ ಹಾಗೆ ನೆಲದ ಹತ್ತಿರ ಬೇಡ, ಈ ಗ್ಯಾಸು ಗಾಳಿಯಷ್ಟೇ ತೂಕ, ಮಂಚದ ತಲೆಯ ಎತ್ತರಕ್ಕೆ ಇಟ್ಟರೆ ಸರಿ. ಬೆರಳಿಗೆ ಹಾಕುವ ಆಕ್ಸಿಮೀಟರ್ ನಂಬಿ ಕೂರಬೇಡಿ, ಮೊನಾಕ್ಸೈಡ್ ಹಿಡಿದ ರಕ್ತವನ್ನೂ ಅದು ಆಮ್ಲಜನಕದ್ದೆಂದೇ ಓದುತ್ತದೆ. ತಲೆನೋವಿನ ಬೆಳಿಗ್ಗೆಗಳಲ್ಲಿ ಅಜ್ಜಿಯ ಬೆರಳಲ್ಲಿ 98 ಇತ್ತಂತೆ.

ಕಿಂಡಿ ಕೊರೆದ ಮೇಲೆ ಹತ್ತು ರಾತ್ರಿ ಮೀಟರು ಅಲ್ಲೇ ಬಿಟ್ಟಿದ್ದೆ. ಹೆಚ್ಚಿನ ರಾತ್ರಿ 3-4, ಜೋರು ಗಾಳಿಯ ಒಂದು ರಾತ್ರಿ 9. ಆ 9 ಬಚ್ಚಲಿನ ಬಾಗಿಲ ಕೆಳಗಿನ ಸಂದಿಯಿಂದ ಬರುವುದು ಎಂದು ನನ್ನ ಗುಮಾನಿ, ರಬ್ಬರ್ ಪಟ್ಟಿ ಇನ್ನೂ ಹಾಕಬೇಕಿದೆ.