ಸಂಬಳದ ಚೀಟಿಯಲ್ಲಿ ಒಂದು ಹುದ್ದೆ, ಜಾಹೀರಾತಿನಲ್ಲಿ ಇನ್ನೊಂದು: ರೆಸ್ಯೂಮೆಯಲ್ಲಿ ಏನು ಬರೆಯಬೇಕು?

ಬದಿಯಡ್ಕದ ಯುವತಿಯೊಬ್ಬರು ಕಾಸರಗೋಡಿನ ಅಡಿಕೆ ಮಂಡಿಯಲ್ಲಿ ನಾಲ್ಕು ವರ್ಷದಿಂದ ಲೆಕ್ಕ ನೋಡುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಮಂಡಿಯಲ್ಲಿ ಎಲ್ಲರಿಗೂ ಅವರು ‘ರೈಟರ್’. ಸಂಬಳದ ಚೀಟಿಯಲ್ಲಿ ‘ಆಫೀಸ್ ಅಸಿಸ್ಟೆಂಟ್’. ಮಂಗಳೂರಿನ ಕಂಪನಿಯೊಂದು ಕೇಳಿರುವುದು ‘ಅಕೌಂಟ್ಸ್ ಎಕ್ಸಿಕ್ಯೂಟಿವ್’. ಕೆಲಸ ಹೆಚ್ಚುಕಮ್ಮಿ ಒಂದೇ. ಆದರೆ ಆಫೀಸ್ ಅಸಿಸ್ಟೆಂಟ್ ಅಂತ ಕಂಡ ಕೂಡಲೇ, ಜೆರಾಕ್ಸ್ ಮಾಡುವವರಿರಬೇಕು ಎಂದುಕೊಂಡು ರೆಸ್ಯೂಮೆಯನ್ನು ಬದಿಗಿಡುವವರೇ ಜಾಸ್ತಿ.

ಮೊದಲು ಜಾಹೀರಾತಿನ ಒಂದೊಂದು ಕೆಲಸದ ಪಕ್ಕ ನೀವು ಮಾಡಿದ್ದನ್ನು ಬರೆಯಿರಿ. ಇಲ್ಲಿ ನಿಮಗೆ ನೀವೇ ಮೋಸ ಮಾಡಿಕೊಳ್ಳಬೇಡಿ. ‘ಜಿಎಸ್‌ಟಿ ರಿಟರ್ನ್ ಸಲ್ಲಿಕೆ’ ಎಂದು ಕೇಳಿದ್ದಾರೆ ಅನ್ನೋಣ. ಪೋರ್ಟಲ್‌ಗೆ ಲಾಗಿನ್ ಆಗಿ ಸಲ್ಲಿಸಿದ್ದು ನೀವೋ, ಬಿಲ್ಲುಗಳನ್ನು ಜೋಡಿಸಿ ಆಡಿಟರ ಆಫೀಸಿಗೆ ಕಳುಹಿಸಿದ್ದೋ? ಎಷ್ಟೋ ಮಂಡಿಗಳಲ್ಲಿ ಎರಡನೆಯದೇ ನಡೆಯುವುದು. ಹಾಗಿದ್ದರೆ ‘ರಿಟರ್ನ್‌ಗೆ ಬೇಕಾದ ಮಾಹಿತಿ ಸಿದ್ಧಪಡಿಸುವುದು’ ಎಂದೇ ಬರೆಯಿರಿ. ಸಂದರ್ಶನದಲ್ಲಿ ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ಕ್ಕೂ ತೆರಿಗೆ ಕಟ್ಟುವ 3ಬಿ ರಿಟರ್ನ್‌ಗೂ ಮೊತ್ತ ಹೊಂದದಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದರೆ, ಸುಮ್ನೆ ಬರೆದವರು ಅಲ್ಲೇ ಸಿಕ್ಕಿಬೀಳುತ್ತಾರೆ.

ಹೆಚ್ಚಿನ ಕೆಲಸಗಳು ಹೊಂದಿದರೆ ಅನುಭವದ ಸಾಲಿಗೆ ಬನ್ನಿ. ಚೀಟಿಯಲ್ಲಿರುವ ಹುದ್ದೆಯನ್ನು ಬದಲಿಸಬೇಡಿ, ಪಕ್ಕದಲ್ಲಿ ಕೆಲಸದ ವಿಭಾಗ ಸೇರಿಸಿ: ‘ಆಫೀಸ್ ಅಸಿಸ್ಟೆಂಟ್ – ಅಕೌಂಟ್ಸ್ ಮತ್ತು ಜಿಎಸ್‌ಟಿ’. ನೇರವಾಗಿ ‘ಅಕೌಂಟ್ಸ್ ಎಕ್ಸಿಕ್ಯೂಟಿವ್’ ಎಂದು ಹಾಕಿದರೆ, ಹೊಸ ಕಂಪನಿಯವರು ಹಿನ್ನೆಲೆ ಪರಿಶೀಲಿಸಲು ಮಂಡಿಗೆ ಫೋನ್ ಮಾಡಿದಾಗ ಬೇರೆ ಹೆಸರು ಕೇಳುತ್ತದೆ. ಆಫರ್ ಕೊಟ್ಟ ಮೇಲೂ ವಾಪಸ್ ಪಡೆಯಲು ಅಷ್ಟು ಸಾಕು.

ಜಾಹೀರಾತಿನ ಹೆಸರಿಗೆ ಜಾಗ ಇರುವುದು ರೆಸ್ಯೂಮೆಯ ಮೇಲ್ತುದಿಯ ಪರಿಚಯದಲ್ಲಿ. ‘ಅಕೌಂಟ್ಸ್ ಎಕ್ಸಿಕ್ಯೂಟಿವ್ ಹುದ್ದೆಗೆ ಅರ್ಜಿ, ಟ್ಯಾಲಿ, ಜಿಎಸ್‌ಟಿ, ಬ್ಯಾಂಕ್ ತಾಳೆಯಲ್ಲಿ ನಾಲ್ಕು ವರ್ಷದ ಅನುಭವ’ ಎಂದರೆ ಸುಳ್ಳೂ ಇಲ್ಲ, ಉದ್ಯೋಗ ಪೋರ್ಟಲ್‌ನಲ್ಲಿ ಆ ಹೆಸರಿನಿಂದ ಹುಡುಕುವವರ ಕಣ್ಣಿಗೂ ಬೀಳುತ್ತೀರಿ. ಆನ್‌ಲೈನ್ ಫಾರ್ಮಿನ ‘ಈಗಿನ ಹುದ್ದೆ’ ಕಾಲಂನಲ್ಲಿ ಮಾತ್ರ ಚೀಟಿಯಲ್ಲಿದ್ದದ್ದೇ ಇರಲಿ.

ಹುದ್ದೆಯ ಕೆಳಗಿನ ಮೊದಲ ಸಾಲು ಗಟ್ಟಿ ಇರಬೇಕು. ‘ಲೆಕ್ಕಪತ್ರ ನೋಡಿಕೊಳ್ಳುವುದು’ ಅಂದರೆ ಏನೂ ತಿಳಿಯುವುದಿಲ್ಲ. ‘ಪ್ರತಿ ತಿಂಗಳು 11ರೊಳಗೆ ಜಿಎಸ್‌ಟಿಆರ್-1ಕ್ಕೆ, 20ರೊಳಗೆ 3ಬಿಗೆ ಮಾರಾಟ–ಖರೀದಿ ವಿವರ ಸಿದ್ಧಪಡಿಸಿದ್ದು’ ಎಂದರೆ ಅಕೌಂಟ್ಸ್‌ನವರಿಗೆ ನಿಮ್ಮ ಕೆಲಸ ಕಣ್ಣಿಗೆ ಕಟ್ಟುತ್ತದೆ.

ಕೆಲಸ ಬಿಡುವ ಮೊದಲೇ ಧಣಿಗಳ ಹತ್ತಿರ ಲೆಟರ್‌ಹೆಡ್‌ನಲ್ಲಿ ಅನುಭವ ಪತ್ರ ಕೇಳಿ. ಸೇರಿದ ದಿನ, ಹುದ್ದೆಯ ಹೆಸರು, ಜೊತೆಗೆ ಮಾಡಿದ ಕೆಲಸಗಳು, ಸಹಿ, ಸೀಲು. ಇಂಗ್ಲಿಷಿನಲ್ಲಿದ್ದರೆ ಗಡಿಯ ಎರಡೂ ಕಡೆ ನಡೆಯುತ್ತದೆ. ನೀವೇ ಬರೆದುಕೊಂಡು ಹೋದರೆ ಧಣಿಗಳಿಗೂ ಸುಲಭ, ಅಲ್ವಾ?

ಸರ್ಕಾರಿ ನೇಮಕಾತಿಗೆ ಇದನ್ನೇ ನಂಬಬೇಡಿ. ಅಧಿಸೂಚನೆ ಇಂಥದ್ದೇ ಹುದ್ದೆಯ ಅನುಭವ ಬೇಕು ಎಂದಿದ್ದರೆ, ಕೆಲಸ ಒಂದೇ ಎಂಬ ವಾದ ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.