ಕ್ಯೂ ಹಾಕಿದ ಮೇಲೂ 30ನೇ ನಿಮಿಷಕ್ಕೆ ನಿಲ್ಲುತ್ತಿದ್ದ ಚೀಟಿಗಳು

ದಾವಣಗೆರೆಯಲ್ಲಿ ಮೆಕ್ಕೆಜೋಳ ಖರೀದಿ ಮಾಡುವ ಒಬ್ಬರಿಗೆ ನಾನು ಸಾಫ್ಟ್‌ವೇರ್ ನೋಡಿಕೊಳ್ಳುತ್ತೇನೆ. ಅರ್ಧ ಗಂಟೆಗೊಮ್ಮೆ ಕ್ರಾನ್ ಓಡಿ, ಹೊಸ ತೂಕದ ಚೀಟಿಗಳನ್ನು ಲೆಕ್ಕದ ಸಾಫ್ಟ್‌ವೇರ್‌ಗೆ ಕಳಿಸುತ್ತಿತ್ತು. ಲೆಕ್ಕದ ಸಾಫ್ಟ್‌ವೇರ್ ಒಂದು ಚೀಟಿಗೆ 2 ಸೆಕೆಂಡ್ ತಗೊಳ್ಳುತ್ತದೆ. ಮಾಮೂಲಿ ದಿನಗಳಲ್ಲಿ ಏನೂ ತೊಂದರೆಯಿಲ್ಲ. ಸುಗ್ಗಿಯಲ್ಲಿ ಹರಿಹರ, ಜಗಳೂರು, ಚನ್ನಗಿರಿ ಕಡೆಯ ಕೇಂದ್ರಗಳೆಲ್ಲ ಸಂಜೆ ಒಟ್ಟಿಗೇ ಅಪ್‌ಲೋಡ್ ಮಾಡುತ್ತವೆ. 7 ಗಂಟೆಯ ಸರದಿಗೆ 1,500 ಚೀಟಿ, ಅಂದರೆ 50 ನಿಮಿಷದ ಕೆಲಸ. ಅದು ಮುಗಿಯುವ ಮೊದಲೇ 7:30ರ ಕ್ರಾನ್ ಶುರುವಾಗಿ ಅವೇ ಚೀಟಿಗಳನ್ನು ಮತ್ತೆ ಎತ್ತಿಕೊಳ್ಳುತ್ತಿತ್ತು.

ನಡುವೆ ರ‍್ಯಾಬಿಟ್‌ಎಂಕ್ಯೂ ಎಂಬ ಸಂದೇಶಗಳ ಕ್ಯೂ ಇಟ್ಟೆ. ಈಗ ಕ್ರಾನ್ ಚೀಟಿಗಳನ್ನು ಕ್ಯೂಗೆ ಹಾಕಿ ಕೆಲವೇ ಸೆಕೆಂಡಿನಲ್ಲಿ ಮುಗಿಸುತ್ತದೆ. 'ಎಲ್ಲಿವರೆಗೆ ಕಳಿಸಿದೆ' ಎಂಬ ಗುರುತನ್ನು ಮುಂದೆ ಸರಿಸುವುದು, ಕ್ಯೂ 'ಸಿಕ್ಕಿತು' ಎಂದು ದೃಢಪಡಿಸಿದ ಮೇಲೆಯೇ. ಮೊದಲೇ ಸರಿಸಿದರೆ ನಡುವೆ ಕರೆಂಟ್ ಹೋದಾಗ ಚೀಟಿಗಳು ಕಳೆದುಹೋಗುತ್ತವೆ. ಸರ್ವರ್ ಮತ್ತೆ ಶುರುವಾದರೂ ಉಳಿಯಲಿ ಎಂದು ಕ್ಯೂ, ಸಂದೇಶ ಎರಡನ್ನೂ ಡಿಸ್ಕ್‌ಗೆ ಬರೆಯುವಂತೆ ಇಟ್ಟೆ. ಕ್ಯೂನಿಂದ ಒಂದೊಂದೇ ಚೀಟಿ ಲೆಕ್ಕಕ್ಕೆ ಸೇರಿಸುವ ಕೆಲಸ ಬೇರೆ ಪ್ರೋಗ್ರಾಮಿನದು. ಲೆಕ್ಕಕ್ಕೆ ಸೇರಿದ ಮೇಲಷ್ಟೇ ಅದು ಕ್ಯೂಗೆ ಸ್ವೀಕೃತಿ ಕೊಡುತ್ತದೆ.

ಮೊದಲ ದೊಡ್ಡ ಸಂಜೆ ಆ ಪ್ರೋಗ್ರಾಮ್ ಸರಿಯಾಗಿ 30ನೇ ನಿಮಿಷಕ್ಕೆ ನಿಂತಿತು. ಮತ್ತೆ ಓಡಿಸಿದೆ. ಮರುದಿನ ಬೆಳಿಗ್ಗೆ ಲೆಕ್ಕದವರ ಫೋನ್: "ಅಣ್ಣಾ, ಒಂದು ಚೀಟಿ ಎರಡು ಸಲ ಬಿದ್ದೈತಿ ನೋಡ್ರಿ."

ಮುಂದಿನ ಸಂಜೆ ಕ್ಯೂ ಒಳಗೆ ಇಣುಕಿದೆ.

```
rabbitmqctl list_queues name messages_ready messages_unacknowledged
slips   0   1480
```

ಕಾಯುತ್ತಿರುವವು ಸೊನ್ನೆ, ಸ್ವೀಕೃತಿ ಬಾಕಿ ಇರುವವು 1,480! ನಾನು ಮಿತಿ ಹೇಳಿರಲಿಲ್ಲ, ಹಾಗಾಗಿ ಕ್ಯೂ ಇದ್ದಬದ್ದದ್ದನ್ನೆಲ್ಲ ಒಂದೇ ಸಲ ನನ್ನ ಪ್ರೋಗ್ರಾಮಿನ ಕೈಗೆ ಸುರಿದಿತ್ತು. ಕೊಟ್ಟ ಸಂದೇಶಕ್ಕೆ 30 ನಿಮಿಷದೊಳಗೆ ಸ್ವೀಕೃತಿ ಬರದಿದ್ದರೆ ಅದು ಚಾನೆಲ್ ಮುಚ್ಚುತ್ತದೆ, ನಾವು ಬದಲಿಸದಿದ್ದರೆ ಇರುವ ಅವಧಿ ಅಷ್ಟೇ. ಮೊದಲ ಸಂಜೆ 30 ನಿಮಿಷಕ್ಕೆ 900 ಚೀಟಿ ಮುಗಿದಿದ್ದವು, ಉಳಿದ 600 ಮತ್ತೆ ಕ್ಯೂಗೆ ಹೋದವು. ಚಾನೆಲ್ ಮುಚ್ಚುವ ಹೊತ್ತಿಗೆ ಒಂದು ಚೀಟಿ ಲೆಕ್ಕಕ್ಕೆ ಬಿದ್ದಿತ್ತು, ಸ್ವೀಕೃತಿ ಮಾತ್ರ ತಲುಪಿರಲಿಲ್ಲ. ಎರಡು ಸಲ ಬಿದ್ದದ್ದು ಅದೇ.

ಸರಿಪಡಿಸಲು ಬೇಕಾಗಿದ್ದು ಒಂದೇ ಸಾಲು:

```
ch.basic_qos(prefetch_count=1)
```

ಇದಾದ ಮೇಲೆ ಕೈಯಲ್ಲಿ ಒಂದೇ ಚೀಟಿ, ಉಳಿದವು ಕ್ಯೂನಲ್ಲೇ. ಆದರೂ ನೆಟ್ ಹೋದರೆ ಒಂದು ಚೀಟಿ ಮತ್ತೆ ಬರಬಹುದು, ಅಲ್ವಾ? ಅದಕ್ಕೆ ಸೇರಿಸುವ ಮೊದಲು ಚೀಟಿ ನಂಬರ್ ಲೆಕ್ಕದಲ್ಲಿ ಈಗಾಗಲೇ ಇದೆಯಾ ಎಂದು ಪ್ರೋಗ್ರಾಮ್ ನೋಡುವಂತೆ ಮಾಡಿದ್ದೇನೆ. ಇದ್ದರೆ ಬರೀ ಸ್ವೀಕೃತಿ ಕೊಟ್ಟು ಮುಂದೆ ಹೋಗುತ್ತದೆ.

ಕ್ಯೂ ಇಟ್ಟಿದ್ದರಿಂದ ಲೆಕ್ಕದ ಸಾಫ್ಟ್‌ವೇರ್ ಜೋರಾಗಲಿಲ್ಲ. ಅದರ ಕೈಲಾಗುವುದು ಗಂಟೆಗೆ 1,800 ಚೀಟಿ, ಅಷ್ಟೇ. ಸಂಜೆಯ ರಾಶಿ ರಾತ್ರಿಯೊಳಗೆ ಕರಗಿದರೆ ಸಾಕು. ಸುಗ್ಗಿಯಲ್ಲಿ ದಿನಾ ಬೆಳಿಗ್ಗೆ 6ಕ್ಕೆ `messages_ready` ನೋಡುತ್ತೇನೆ. ಸೊನ್ನೆ ಇಲ್ಲದೆ, ದಿನದಿಂದ ದಿನಕ್ಕೆ ಏರುತ್ತಿದ್ದರೆ ಹಲವು ಚೀಟಿಗಳನ್ನು ಒಟ್ಟಿಗೆ ಸೇರಿಸುವ ದಾರಿ ಹುಡುಕಬೇಕು.