ಮೇಲ್‌ನಲ್ಲಿ ಚೌಕಾಸಿ: ಒಂದು ಹಾಳೆ ತಟ್ಟೆ ಆರ್ಡರಿನ ಲೆಕ್ಕ

ಕಾಸರಗೋಡಿನ ಬದಿಯಡ್ಕದ ಕಡೆ ಅಡಿಕೆ ಅಂಗಡಿಗೆ ಚಾಲಿ ಕೊಂಡುಹೋದವರಿಗೆ ಚೌಕಾಸಿ ಹೇಗೆ ನಡೆಯುತ್ತದೆ ಅಂತ ಗೊತ್ತು. ವ್ಯಾಪಾರಿ ಗೋಣಿಗೆ ಕೈ ಹಾಕಿ ನಾಲ್ಕು ಅಡಿಕೆ ತೆಗೆಯುತ್ತಾರೆ, ತುಂಡು ಮಾಡಿ ನೋಡುತ್ತಾರೆ, ದರ ಹೇಳುತ್ತಾರೆ. ನಾವು ಏನೂ ಹೇಳದೆ ಗೋಣಿಯ ಬಾಯಿ ಕಟ್ಟಲು ಬಗ್ಗುತ್ತೇವೆ. ಅಷ್ಟಕ್ಕೇ ಅವರು ಇನ್ನೆರಡು ರೂಪಾಯಿ ಸೇರಿಸುತ್ತಾರೆ. ಮಲಯಾಳದಲ್ಲಿ ಶುರುವಾದ ಮಾತು ನಡುವೆ ತುಳುವಿಗೆ ಹೊರಳುತ್ತದೆ, ಮನೆಯವರ ವಿಷಯ ಬರುತ್ತದೆ, ದರ ಇನ್ನೂ ಸ್ವಲ್ಪ ಸಡಿಲವಾಗುತ್ತದೆ.

ಮೇಲ್‌ನಲ್ಲಿ ಇದು ಯಾವುದೂ ಇಲ್ಲ. ಮುಖ ಇಲ್ಲ, ದನಿ ಇಲ್ಲ, ಬಗ್ಗಿ ಗೋಣಿ ಕಟ್ಟುವುದೂ ಇಲ್ಲ. ಅಂಗಡಿಯಲ್ಲಿ ನಾವು ಒಂದು ಮಾತು ಬಿಟ್ಟು ಎದುರಿನವರ ಮುಖ ನೋಡಿ ಮುಂದಿನ ಮಾತು ಆಡುತ್ತೇವೆ. ಮೇಲ್‌ನಲ್ಲಿ ಆ ಒಂದು ಮಾತಿಗೆ ಉತ್ತರ ಬರಲು ಎರಡು ದಿನ ಬೇಕು. ಹಾಗಾಗಿ ಅಂಗಡಿಯ ಕ್ರಮವನ್ನೇ ಮೇಲ್‌ಗೆ ತಂದರೆ ನಷ್ಟ ಆಗುತ್ತದೆ. ಹೇಗೆ ಅಂತ ನಮ್ಮ ಮನೆಯ ಒಂದು ವ್ಯವಹಾರದಿಂದಲೇ ಹೇಳುತ್ತೇನೆ.

ತುಂಡು ತುಂಡಾಗಿ ಬಿಟ್ಟುಕೊಟ್ಟದ್ದು

ನನ್ನ ಅತ್ತಿಗೆ ಮನೆ ಹತ್ತಿರವೇ ಅಡಿಕೆ ಹಾಳೆಯ ತಟ್ಟೆ ಮಾಡುವ ಸಣ್ಣ ಘಟಕ ನಡೆಸುತ್ತಾರೆ. ಮೇಲ್ ಬರೆಯುವ ಕೆಲಸ ನನ್ನದು. ಬೆಂಗಳೂರಿನ ಒಂದು ಕಂಪನಿಗೆ 10 ಇಂಚಿನ ತಟ್ಟೆ ತಿಂಗಳಿಗೆ 20,000 ಬೇಕಿತ್ತು. ನಾವು 4.20 ರೂಪಾಯಿ ದರ ಹೇಳಿದೆವು. ಅವರು 3.60 ಕೇಳಿದರು. ಹಾಳೆ, ಕೂಲಿ, ಕರೆಂಟು, ಪ್ಯಾಕಿಂಗ್ ಎಲ್ಲ ಸೇರಿ ನಮಗೆ ಬೀಳುವ ಖರ್ಚು 3.50.

ಅಂಗಡಿಯಲ್ಲಿ ಮಾಡಿದ ಹಾಗೆ ದರ ಒಂದನ್ನೇ ಹಿಡಿದು ಜಗ್ಗಿದೆವು. ನಾಲ್ಕು ಮೇಲ್ ಹೋಗಿ ಬಂದು 3.85ಕ್ಕೆ ನಿಂತಿತು. ಗೆದ್ದೆವು ಅಂದುಕೊಂಡೆವು. ಮರುದಿನ ಇನ್ನೊಂದು ಮೇಲ್ ಬಂತು: ಸಾಗಾಟ ನಿಮ್ಮ ಕಡೆಯಿಂದ. ಅದಕ್ಕೆ ಉತ್ತರ ಯೋಚಿಸುವಾಗಲೇ ಮತ್ತೊಂದು: ಹಣ 60 ದಿನದ ಮೇಲೆ.

ಅತ್ತಿಗೆ ಕಾಗದ ತೆಗೆದು ಲೆಕ್ಕ ಹಾಕಿದರು. ಸಾಗಾಟ ತಟ್ಟೆಗೆ 25 ಪೈಸೆ. ಅದನ್ನು ಕಳೆದರೆ 3.60. ಅವರು ಮೊದಲ ದಿನ ಕೇಳಿದ ದರವೇ! 60 ದಿನ ಹಣ ನಿಂತರೆ, ವರ್ಷಕ್ಕೆ ಶೇ 12ರ ಬಡ್ಡಿಯಲ್ಲಿ ಇನ್ನು ಸುಮಾರು 8 ಪೈಸೆ ಹೋಯಿತು. ಉಳಿದದ್ದು 3.52. ತಟ್ಟೆಗೆ 2 ಪೈಸೆ ಲಾಭ, ತಿಂಗಳಿಗೆ 400 ರೂಪಾಯಿ.

“ಎಂತ ಮಾಡುವುದು ಈಗ? ದರಕ್ಕೆ ಒಪ್ಪಿ ಆಯ್ತಲ್ವಾ?” ಅಂತ ಅತ್ತಿಗೆ ಕೇಳಿದರು.

ಎದುರಿಗೆ ಕೂತು ಮಾತಾಡಿದ್ದರೆ ಹೀಗಾಗುವುದು ಕಷ್ಟ. “ಸಾಗಾಟ ಯಾರದ್ದು?” ಅಂತ ಬಾಯಿಗೆ ಬಂದ ಕೂಡಲೇ ಕೇಳುತ್ತಿದ್ದೆವು. ಮೇಲ್‌ನಲ್ಲಿ ಒಂದೊಂದು ಪ್ರಶ್ನೆಗೆ ಒಂದೊಂದು ದಿನ ಅಂತ ನಾವೇ ಪ್ರಶ್ನೆಗಳನ್ನು ಮುಂದಕ್ಕೆ ಹಾಕಿದ್ದೆವು.

ಮೊದಲ ಹೆಜ್ಜೆ: ಹತ್ತು ನಿಮಿಷದ ಫೋನ್

ಮತ್ತೊಂದು ಮೇಲ್ ಬರೆಯುವ ಮೊದಲು ನಾನು ಆ ಕಂಪನಿಯ ಖರೀದಿ ನೋಡುವ ಹುಡುಗಿಗೆ ಫೋನ್ ಮಾಡಿದೆ. ದರದ ಮಾತು ಎತ್ತಲಿಲ್ಲ. ಎಲ್ಲಿಯವರು, ಯಾವ ಸಮಾರಂಭಗಳಿಗೆ ತಟ್ಟೆ ಕೊಡುತ್ತಾರೆ, ಈ ಮೊದಲು ಬಂದ ತಟ್ಟೆಯಲ್ಲಿ ಏನು ತೊಂದರೆ ಇತ್ತು ಅಂತ ಕೇಳಿದೆ. ಮಳೆಗಾಲದಲ್ಲಿ ಬೂಸ್ಟು ಹಿಡಿದ ತಟ್ಟೆ ಬಂದು ಅವರು ತುಂಬ ಕಷ್ಟಪಟ್ಟಿದ್ದರು. ಅಷ್ಟು ಮೇಲ್‌ಗಳಲ್ಲಿ ಈ ವಿಷಯ ಒಮ್ಮೆಯೂ ಬಂದಿರಲಿಲ್ಲ.

ಇದನ್ನು ಸುಮ್ನೆ ಉಪಚಾರದ ಮಾತು ಅಂತ ಬಿಡಬೇಡಿ. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ವಿದ್ಯಾರ್ಥಿಗಳಿಗೆ ಮೇಲ್ ಮೂಲಕ ಒಂದು ವ್ಯವಹಾರ ಕುದುರಿಸಲು ಹೇಳಿದ್ದರು. ಕೆಲವು ಜೋಡಿಗಳಿಗೆ ಮಾತ್ರ ಮೊದಲು ಸ್ವಲ್ಪ ಹೊತ್ತು ಫೋನಿನಲ್ಲಿ ಪರಿಚಯ ಮಾಡಿಕೊಳ್ಳಲು ಬಿಟ್ಟರು, ವ್ಯವಹಾರದ ಮಾತು ಇಲ್ಲದೆ. ಹಾಗೆ ಮಾತಾಡಿದವರಲ್ಲಿ ಮಾತುಕತೆ ಮುರಿದುಬಿದ್ದದ್ದು ಕಡಿಮೆ.

ಎರಡನೆಯ ಹೆಜ್ಜೆ: ಎಲ್ಲ ವಿಷಯ ಒಂದೇ ಮೇಲ್‌ನಲ್ಲಿ

ನನ್ನ ಪ್ರಕಾರ ಮೇಲ್ ಚೌಕಾಸಿಯಲ್ಲಿ ಬದಲಿಸಬೇಕಾದ ಮುಖ್ಯ ಸಂಗತಿ ಇದು. ದರ, ಪ್ರಮಾಣ, ಸಾಗಾಟ, ಮುಂಗಡ, ಹಣ ಬರುವ ದಿನ, ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ. ಅವನ್ನು ಬಿಡಿಸಿ ಒಂದೊಂದಾಗಿ ಒಪ್ಪಬೇಡಿ. ಒಂದು ಕಟ್ಟಾಗಿ ಕಟ್ಟಿ ಕಳಿಸಿ. ಆಗುವುದಾದರೆ ಎರಡು ಕಟ್ಟು ಕಳಿಸಿ. ಎರಡೂ ನಿಮಗೆ ಸಮ ಆಗಿರಬೇಕು.

ನಾವು ಕಳಿಸಿದ ಮೇಲ್‌ನ ತಿರುಳು ಇದು. 3.85 ಅಂದದ್ದನ್ನು ಹಿಂದೆ ತೆಗೆಯಲಿಲ್ಲ.

*ಮೊದಲ ಆಯ್ಕೆ: ತಟ್ಟೆಗೆ 3.85. ಸಾಗಾಟ ನಿಮ್ಮದು. ಆರ್ಡರ್ ಜೊತೆ ಶೇ 30 ಮುಂಗಡ, ಉಳಿದದ್ದು ಮಾಲು ತಲುಪಿ 15 ದಿನದೊಳಗೆ.*

*ಎರಡನೆಯ ಆಯ್ಕೆ: ತಟ್ಟೆಗೆ 4.15. ಸಾಗಾಟ ನಮ್ಮದು. ಮುಂಗಡ ಬೇಡ, ಹಣ 45 ದಿನದೊಳಗೆ.*

*ಎರಡೂ ತಿಂಗಳಿಗೆ 20,000 ತಟ್ಟೆಯ ಲೆಕ್ಕದಲ್ಲಿ. ಒಂದು ಅಂಶ ಬದಲಾದರೆ ಉಳಿದವನ್ನೂ ಮತ್ತೆ ನೋಡೋಣ. ಈ ದರ ಈ ತಿಂಗಳ 20ರವರೆಗೆ.*

ಎರಡನೆಯದರಲ್ಲಿ ಸಾಗಾಟದ 25 ಪೈಸೆ, 45 ದಿನದ ಬಡ್ಡಿ 6 ಪೈಸೆ ಕಳೆದರೆ ನಮ್ಮ ಕೈಗೆ 3.84. ಮೊದಲನೆಯದರಲ್ಲೂ ಹೆಚ್ಚುಕಡಿಮೆ ಅಷ್ಟೇ. ತಿಂಗಳಿಗೆ 400 ರೂಪಾಯಿ ಇದ್ದ ಲಾಭ ಸುಮಾರು 6,800 ಆಗುತ್ತದೆ. ಅವರು ಯಾವುದನ್ನು ಆರಿಸಿದರೂ ನಮಗೆ ಚಿಂತೆ ಇಲ್ಲ. ಆದರೆ ಆ ಆಯ್ಕೆಯಿಂದ ಅವರ ಮನಸ್ಸಿನಲ್ಲಿ ಏನಿದೆ ಅಂತ ತಿಳಿಯುತ್ತದೆ. ಮೊದಲನೆಯದನ್ನು ಹಿಡಿದರೆ ಅವರಿಗೆ ದರದ ಅಂಕಿ ಮುಖ್ಯ, ಎರಡನೆಯದನ್ನು ಹಿಡಿದರೆ ಕೈಯಲ್ಲಿ ನಗದು ಕಡಿಮೆ. ಅಂಗಡಿಯಲ್ಲಿ ಮುಖ ನೋಡಿ ತಿಳಿಯುವುದನ್ನು ಇಲ್ಲಿ ಹೀಗೆ ತಿಳಿದುಕೊಳ್ಳಬೇಕು.

45 ದಿನ ಅಂತ ಬರೆದದ್ದಕ್ಕೂ ಕಾರಣ ಇದೆ. 2006ರ ಕಿರು, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಕಾಯ್ದೆ ಪ್ರಕಾರ, ಕಿರು ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು 45 ದಿನಕ್ಕಿಂತ ಜಾಸ್ತಿ ಗಡುವು ಬರೆಸಿಕೊಳ್ಳುವ ಹಾಗಿಲ್ಲ. ಅತ್ತಿಗೆಯ ಘಟಕಕ್ಕೆ ಉದ್ಯಮ್ ನೋಂದಣಿ ಇದೆ. ಇದನ್ನು ಫೋನಿನಲ್ಲಿ ಹೇಳಿದರೆ ಜಗಳದ ಹಾಗೆ ಕೇಳುತ್ತದೆ. ಮೇಲ್‌ನಲ್ಲಿ ನೋಂದಣಿ ಸಂಖ್ಯೆಯ ಜೊತೆ ಒಂದು ಸಾಲು ಬರೆದರೆ ಮಾಹಿತಿಯ ಹಾಗೆ ಕಾಣುತ್ತದೆ.

ಮೂರನೆಯ ಹೆಜ್ಜೆ: ಓದುವ ಮೂರನೆಯವರಿಗೂ ಬರೆಯಿರಿ

ನಿಮ್ಮ ಮೇಲ್ ನೀವು ಹೆಸರು ಬರೆದವರ ಬಳಿಯೇ ನಿಲ್ಲುವುದಿಲ್ಲ. ಅವರ ಮೇಲಿನವರಿಗೆ, ಲೆಕ್ಕಪತ್ರ ವಿಭಾಗಕ್ಕೆ ಹಾಗೆಯೇ ಹೋಗುತ್ತದೆ. ಫೋನಿನಲ್ಲಿ ನಿಮ್ಮ ಜೊತೆ ನಗುತ್ತ ಮಾತಾಡಿದವರಿಗೆ ಆ ನಗುವನ್ನು ಮೇಲಿನವರಿಗೆ ಕಳಿಸಲು ಆಗುವುದಿಲ್ಲ. ಅವರ ಕೈಯಲ್ಲಿ ಇರುವುದು ನೀವು ಬರೆದ ಕಾರಣ ಮಾತ್ರ. ಹಾಗಾಗಿ ಕಾರಣ ಬರೆಯಿರಿ.

ನಾವು ಮೊದಲು “ಮುಂಗಡ ಇಲ್ಲದೆ ಆಗುವುದಿಲ್ಲ” ಅಂತ ಬರೆಯಲು ಹೊರಟಿದ್ದೆವು. ಆಮೇಲೆ ಹೀಗೆ ತಿದ್ದಿದೆವು: “ಹಾಳೆ ಒಣಗಿಸಿ ಸಂಗ್ರಹಿಸುವುದು ಮೇ ತಿಂಗಳೊಳಗೆ ಮುಗಿಯಬೇಕು. ಮಳೆ ಶುರುವಾದ ಮೇಲೆ ಬಿದ್ದ ಹಾಳೆಗೆ ಬೂಸ್ಟು ಹಿಡಿಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ 80,000 ತಟ್ಟೆಗೆ ಹಾಳೆಯನ್ನು ಈಗಲೇ ಕೊಂಡು ಇಡಬೇಕು.” ಕೊಟ್ಟಿಗೆಯಲ್ಲಿ ಅಟ್ಟಿ ಹಾಕಿದ ಹಾಳೆಯ ಫೋಟೊ ಒಂದನ್ನು ಜೊತೆಗಿಟ್ಟೆವು. ಎದುರಿಗೆ ಬಂದಿದ್ದರೆ ಅವರು ಅದನ್ನು ಕಣ್ಣಾರೆ ನೋಡುತ್ತಿದ್ದರು.

ತಮಾಷೆ, ಕೊಂಕು ಮಾತು ಬೇಡವೇ ಬೇಡ. 2005ರ ಒಂದು ಅಧ್ಯಯನದಲ್ಲಿ, ಬರೆದದ್ದು ಗಂಭೀರವೋ ವ್ಯಂಗ್ಯವೋ ಅಂತ ಓದುವವರು ಗುರುತಿಸುತ್ತಾರೆಯೇ ಅಂತ ನೋಡಿದರು. 100ರಲ್ಲಿ 78 ಸಲ ಸರಿಯಾಗಿ ಗುರುತಿಸುತ್ತಾರೆ ಅಂತ ಬರೆದವರಿಗೆ ಅನ್ನಿಸಿತ್ತು. ಮೇಲ್ ಓದಿದವರು ಗುರುತಿಸಿದ್ದು 56 ಸಲ. ನಾಣ್ಯ ಚಿಮ್ಮಿ ಹೇಳಿದ್ದರೂ 50 ಸರಿಯಾಗುತ್ತಿತ್ತು! ದನಿ ಕೇಳಿಸಿಕೊಂಡವರು ಮಾತ್ರ 73 ಸಲ ಸರಿ ಹೇಳಿದರು. “ನಿಮ್ಮ ದರಕ್ಕೆ ಹಾಳೆಯೂ ಬರುವುದಿಲ್ಲ” ಅನ್ನುವುದು ಅಂಗಡಿಯಲ್ಲಿ ನಗೆಮಾತು. ಬರೆದರೆ ಅದು ಬೈದ ಹಾಗೆ.

ಉತ್ತರ ಬಾರದಿದ್ದರೆ

ನಮ್ಮ ಮೇಲ್‌ಗೆ ಐದು ದಿನ ಉತ್ತರ ಇಲ್ಲ. ಅತ್ತಿಗೆಗೆ ತಳಮಳ. “ಸ್ವಲ್ಪ ಕಡಿಮೆ ಮಾಡಿ ಬರೆಯುವುದಾ?” ಅಂತ ಎರಡು ಸಲ ಕೇಳಿದರು. ಅಂಗಡಿಯಲ್ಲಿ ಮೌನಕ್ಕೆ ಅರ್ಥ ಇರುತ್ತದೆ. ಮೇಲ್‌ನಲ್ಲಿ ಅದು ರಜೆ ಇರಬಹುದು, ಮೇಲಿನವರ ಸಹಿ ಬಾಕಿ ಇರಬಹುದು, ಮೇಲ್ ಸ್ಪ್ಯಾಮ್‌ಗೆ ಹೋಗಿರಬಹುದು. ಉತ್ತರ ಬರುವ ಮೊದಲೇ ದರ ಇಳಿಸಿ ಎರಡನೆಯ ಮೇಲ್ ಕಳಿಸಿದರೆ ನಿಮ್ಮ ಜೊತೆ ನೀವೇ ಚೌಕಾಸಿ ಮಾಡಿದ ಹಾಗಾಗುತ್ತದೆ. ಮೇಲ್‌ನಲ್ಲಿ ದಿನಾಂಕ ಹಾಕಿದ್ದು ಇದಕ್ಕೇ. 20ಕ್ಕೆ ಎರಡು ದಿನ ಮೊದಲು ಫೋನ್ ಮಾಡಿ “ಮೇಲ್ ಸಿಕ್ಕಿತಾ?” ಅಂತ ಮಾತ್ರ ಕೇಳಿದೆ. ಸಿಕ್ಕಿತ್ತು. ಮಾಲಕರು ಊರಲ್ಲಿ ಇರಲಿಲ್ಲ.

ಮರುದಿನ ಉತ್ತರ ಬಂತು. ಮೊದಲ ಆಯ್ಕೆ ಇಷ್ಟ, ಆದರೆ ಮುಂಗಡ ಕೊಡುವ ಕ್ರಮ ಅವರಲ್ಲಿ ಇಲ್ಲ, ಹಣ 30 ದಿನಕ್ಕೆ.

ಈ ಹಂತದಲ್ಲಿ ಮತ್ತೆ ಫೋನ್ ಒಳ್ಳೆಯದು. ಒಂದೇ ಗಂಟು ಉಳಿದಿದೆ, ಅದನ್ನು ಬಿಡಿಸಲು ಹಿಂದೆ ಮುಂದೆ ಮಾತು ಬೇಕು. ಮುಂಗಡ ಆಗದಿದ್ದರೆ ಮಳೆಗಾಲದ ನಾಲ್ಕು ತಿಂಗಳ ಆರ್ಡರ್ ಅನ್ನು ಮಾರ್ಚ್‌ನಲ್ಲೇ ಬರೆದು ಕೊಡಬಹುದಾ ಅಂತ ಕೇಳಿದೆವು. ಆ ಆರ್ಡರ್ ತೋರಿಸಿ ಅತ್ತಿಗೆ ಸೊಸೈಟಿಯಲ್ಲಿ ಸಾಲ ಕೇಳಬಹುದು. ಅವರಿಗೆ ಬೂಸ್ಟು ಇಲ್ಲದ ತಟ್ಟೆ ಬೇಕಿತ್ತು. ಒಪ್ಪಿದರು. ಮುಂಗಡ ಬಿಟ್ಟು ಗಡುವು 30 ದಿನ ಆದದ್ದಕ್ಕೆ ದರ 3.90ಕ್ಕೆ ನಿಂತಿತು.

‘ಕನ್ಫರ್ಮ್’ ಅಂತ ಬರೆಯುವ ಮೊದಲು

ಮೇಲ್‌ನಲ್ಲಿ ಒಪ್ಪಿದ್ದಕ್ಕೆ ಕಾನೂನಿನ ಬಲ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 10ಎ ಕಲಮಿನ ಪ್ರಕಾರ, ಎಲೆಕ್ಟ್ರಾನಿಕ್ ರೂಪದಲ್ಲಿ ಆಯಿತು ಅನ್ನುವ ಒಂದೇ ಕಾರಣಕ್ಕೆ ಒಪ್ಪಂದ ರದ್ದಾಗುವುದಿಲ್ಲ. ಟ್ರೈಮೆಕ್ಸ್ ಮತ್ತು ವೇದಾಂತ ಅಲ್ಯೂಮಿನಿಯಂ ನಡುವಿನ ಬಾಕ್ಸೈಟ್ ವ್ಯಾಜ್ಯದಲ್ಲಿ 2010ರಲ್ಲಿ ಸುಪ್ರೀಂ ಕೋರ್ಟ್, ಕರಾರುಪತ್ರಕ್ಕೆ ಸಹಿ ಬೀಳದಿದ್ದರೂ ಮೇಲ್‌ನಲ್ಲಿ ವ್ಯವಹಾರ ಖಚಿತಪಡಿಸಿದ್ದರಿಂದ ಒಪ್ಪಂದ ಆಗಿದೆ ಅಂತ ಹೇಳಿತು. ಹಾಗಾಗಿ ಮಾತು ಇನ್ನೂ ನಡೆಯುತ್ತಿರುವಾಗ ‘ಓಕೆ, ಕನ್ಫರ್ಮ್’ ಅಂತ ಬರೆಯಬೇಡಿ. “ದರ ಸರಿ ಕಾಣುತ್ತದೆ, ಸಾಗಾಟ ಮತ್ತು ಗಡುವು ತೀರ್ಮಾನವಾದ ಮೇಲೆ ಒಟ್ಟಿಗೆ ಒಪ್ಪುತ್ತೇವೆ” ಅಂತ ಬರೆಯಿರಿ. 3.85ಕ್ಕೆ ಒಪ್ಪಿದ ದಿನ ನಾವು ಈ ಸಾಲು ಬರೆಯಬೇಕಿತ್ತು.

ಫೋನಿನಲ್ಲಿ ಆದ ಮಾತನ್ನು ಅದೇ ದಿನ ಬರೆದು ಕಳಿಸಬೇಕು. ಬರೆಯುವ ಕೆಲಸ ನೀವೇ ಹಿಡಿಯಿರಿ. ಅವರಿಗೆ ಬಿಟ್ಟರೆ ಮಾತು ಸ್ವಲ್ಪ ಅವರ ಕಡೆ ವಾಲಬಹುದು. ಆ ದಿನ ಸಂಜೆ ನಾವು ಕಳಿಸಿದ್ದು ಇಷ್ಟು:

*“ಇಂದು ಫೋನಿನಲ್ಲಿ ಮಾತಾಡಿದಂತೆ: 10 ಇಂಚಿನ ತಟ್ಟೆ, ತಿಂಗಳಿಗೆ 20,000, ತಲಾ 3.90, ತೆರಿಗೆ ಬೇರೆ. ಸಾಗಾಟ ನಿಮ್ಮದು. ಹಣ ಮಾಲು ತಲುಪಿ 30 ದಿನದೊಳಗೆ. ಜೂನ್–ಸೆಪ್ಟೆಂಬರ್ ಆರ್ಡರ್ ಮಾರ್ಚ್ 31ರೊಳಗೆ. ಬೂಸ್ಟು ಹಿಡಿದ ತಟ್ಟೆ ಇದ್ದರೆ ಮಾಲು ತಲುಪಿ 3 ದಿನದೊಳಗೆ ಫೋಟೊ ಕಳಿಸಿ, ಬದಲಿಸಿ ಕೊಡುತ್ತೇವೆ. ಇದರಲ್ಲಿ ಏನಾದರೂ ತಪ್ಪಿದ್ದರೆ ನಾಳೆ ಸಂಜೆಯೊಳಗೆ ತಿಳಿಸಿ. ಸರಿ ಇದ್ದರೆ ಒಂದು ಸಾಲು ಉತ್ತರ ಬರೆಯಿರಿ.”*

ಅರ್ಧ ಗಂಟೆಯಲ್ಲಿ ಉತ್ತರ ಬಂತು. ಅತ್ತಿಗೆ ಅದನ್ನು ಪ್ರಿಂಟ್ ತೆಗೆಸಿ ಆರ್ಡರ್ ಫೈಲಿನಲ್ಲಿ ಇಟ್ಟಿದ್ದಾರೆ.